ಸೋಲಾರ್‌ಗೆ ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸ್ ಬರುತ್ತದೆ?

ಪ್ರಶ್ನೆ: ಮನೆ ಛಾವಣಿ ಮೇಲೆ 5 ಕಿಲೋವ್ಯಾಟ್ ಸೋಲಾರ್ ಹಾಕಿಸಬೇಕು ಅಂತಿದ್ದೇನೆ. ಒಟ್ಟು ಖರ್ಚಿನಲ್ಲಿ ಸಬ್ಸಿಡಿ ಕಳೆದು, ವರ್ಷಕ್ಕೆ ಉಳಿಯುವ ಕರೆಂಟ್ ಬಿಲ್‌ನಿಂದ ಭಾಗಿಸಿದರೆ 5 ವರ್ಷ ಬರುತ್ತದೆ. ಇನ್ನೂ ಜಾಸ್ತಿ ಪ್ಯಾನೆಲ್ ಹಾಕಿಸಿದರೆ ದುಡ್ಡು ಇನ್ನೂ ಬೇಗ ಬರುತ್ತದಾ?

ಅಯ್ಯೋ, ಇದೇ ಲೆಕ್ಕವನ್ನು ನಾನೂ ಹಾಕಿದ್ದೆ. ಇದೇ 5 ಕಿಲೋವ್ಯಾಟ್, ಇದೇ 5 ವರ್ಷ. ಕೊಟೇಶನ್ ಹಾಳೆಯ ಹಿಂದೆ ಪೆನ್ನಿನಲ್ಲಿ ಬರೆದು, ಉತ್ತರದ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ. ಈಗ ನಾಲ್ಕನೇ ವರ್ಷ ನಡೆಯುತ್ತಿದೆ. ಹಾಕಿದ ದುಡ್ಡಿನಲ್ಲಿ ಅರ್ಧವೂ ವಾಪಸ್ ಬಂದಿಲ್ಲ. ಪ್ಯಾನೆಲ್‌ಗಳದ್ದೇನೂ ತಪ್ಪಿಲ್ಲ, ಹೇಳಿದಷ್ಟು ಕರೆಂಟ್ ಕೊಡುತ್ತಿವೆ. ತಪ್ಪಿದ್ದು ಆ ಹಾಳೆಯಲ್ಲಿ.

ನನ್ನ ಮನೆಯ ಲೆಕ್ಕವನ್ನೇ ಹೇಳುತ್ತೇನೆ. ದುಡ್ಡಿನಲ್ಲಿ ಹೇಳಿದರೆ ನನ್ನ ದರ ಬೇರೆ, ನಿಮ್ಮದು ಬೇರೆ. ಹಾಗಾಗಿ ಕರೆಂಟಿನಲ್ಲೇ ಹೇಳುತ್ತೇನೆ. ವರ್ಷದ ಒಟ್ಟು ಬಿಲ್ಲನ್ನು ವರ್ಷಕ್ಕೆ ಉರಿಸಿದ ಯೂನಿಟ್‌ಗಳಿಂದ ಭಾಗಿಸಿದಾಗ ಬರುವ ದರವನ್ನು 1 ಅಂತ ಇಟ್ಟುಕೊಳ್ಳಿ. ನಮ್ಮ ಮನೆಗೆ ವರ್ಷಕ್ಕೆ 6000 ಯೂನಿಟ್ ಬೇಕು. ಅಂದರೆ ನಮ್ಮ ವರ್ಷದ ಬಿಲ್ಲೂ 6000. ಇನ್ನು ಮುಂದೆ ಬರುವ ಖರ್ಚು, ಸಬ್ಸಿಡಿ ಎಲ್ಲ ಇದೇ ಅಳತೆಯಲ್ಲಿ.

5 ಕಿಲೋವ್ಯಾಟ್ ಹಾಕಿಸಲು ತಗುಲಿದ ಒಟ್ಟು ಖರ್ಚು 45,000. ಸಬ್ಸಿಡಿ 8,500. ಕೈಯಿಂದ ಹೋಗಿದ್ದು 36,500. ನಮ್ಮ ಛಾವಣಿಗೆ ನೆರಳಿಲ್ಲ. ಮಳೆಗಾಲ, ಮೋಡ ಎಲ್ಲ ಸೇರಿಸಿ ಸರಾಸರಿ ತೆಗೆದರೆ ಒಂದು ಕಿಲೋವ್ಯಾಟ್‌ಗೆ ದಿನಕ್ಕೆ 4 ಯೂನಿಟ್ ಬರುತ್ತದೆ. 5 ಕಿಲೋವ್ಯಾಟ್‌ಗೆ ದಿನಕ್ಕೆ 20, ವರ್ಷಕ್ಕೆ 7300. ಯೂನಿಟ್‌ಗೆ 1ರಂತೆ 7300 ಉಳಿತಾಯ. 36,500 ಭಾಗಿಸು 7300, ಸರಿಯಾಗಿ 5 ವರ್ಷ. ಎಷ್ಟು ಚೆನ್ನಾಗಿ ಕೂತಿದೆ ನೋಡಿ. ಇಷ್ಟು ನೀಟಾಗಿ ಕೂತಾಗಲೇ ನನಗೆ ಅನುಮಾನ ಬರಬೇಕಿತ್ತು.

ಹಾಕಿಸಿ ಒಂದು ವಾರವಾಗಿತ್ತು. ರಜೆ ಹಾಕಿ ಮನೆಯಲ್ಲಿದ್ದೆ. ಮಧ್ಯಾಹ್ನ 12 ಗಂಟೆಗೆ ಇನ್ವರ್ಟರ್ ಮುಂದೆ ನಿಂತು ಅದರ ಪುಟ್ಟ ಪರದೆ ನೋಡುತ್ತಿದ್ದೆ. ಉತ್ಪಾದನೆ 3.8 ಕಿಲೋವ್ಯಾಟ್ ಅಂತ ತೋರಿಸುತ್ತಿತ್ತು. ಖುಷಿಯೋ ಖುಷಿ. ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಪರದೆ ನೋಡಿದಳು, ಮನೆ ಕಡೆ ನೋಡಿದಳು. "ಈಗ ಮನೇಲಿ ಓಡ್ತಿರೋದು ಫ್ರಿಜ್ಜು, ಒಂದು ಫ್ಯಾನು. ಮಿಕ್ಕಿದ್ದೆಲ್ಲ ಎಲ್ಲಿಗೆ ಹೋಗ್ತಿದೆ ರೀ?" ಅಂದಳು. ಗ್ರಿಡ್‌ಗೆ ಹೋಗ್ತಿದೆ, ಅವರು ದುಡ್ಡು ಕೊಡ್ತಾರೆ ಅಂದೆ. "ಎಷ್ಟು ಕೊಡ್ತಾರೆ?" ಅಂತ ಕೇಳಿದಳು.

ಅದು ನನಗೆ ಗೊತ್ತಿರಲಿಲ್ಲ. ಇಷ್ಟು ದುಡ್ಡು ಸುರಿದವನು ಆ ಒಂದು ಸಂಖ್ಯೆಯನ್ನು ಯಾರನ್ನೂ ಕೇಳಿರಲಿಲ್ಲ.

ಮೊದಲ ಬಿಲ್ ಬಂದಾಗ ತಿಳಿಯಿತು. ಅದರಲ್ಲಿ ಎರಡು ಸಾಲು ಇತ್ತು. ಒಂದು ಇಂಪೋರ್ಟ್, ಅಂದರೆ ನಾವು ಗ್ರಿಡ್‌ನಿಂದ ಎಳೆದುಕೊಂಡ ಯೂನಿಟ್. ಇನ್ನೊಂದು ಎಕ್ಸ್‌ಪೋರ್ಟ್, ನಾವು ಗ್ರಿಡ್‌ಗೆ ಕೊಟ್ಟಿದ್ದು. ಎರಡಕ್ಕೂ ದರ ಬೇರೆ ಬೇರೆ. ನಾವು ಕೊಟ್ಟ ಯೂನಿಟ್‌ಗೆ ನನ್ನ ಅಳತೆಯಲ್ಲಿ ಬರೀ 0.4. ಇದರ ಜೊತೆಗೆ ನಿಗದಿತ ಶುಲ್ಕ ಅಂತ ಒಂದು ಸಾಲು, ಮೊದಲಿನಷ್ಟೇ. ಪ್ಯಾನೆಲ್ ಇರಲಿ ಬಿಡಲಿ, ಅದು ಕೊಡಲೇಬೇಕು. ನಮ್ಮ ಬಿಲ್ಲಿನಲ್ಲಿ ಅದರ ಪಾಲು ನೂರಕ್ಕೆ 15. ಅಂದರೆ ಒಂದು ಯೂನಿಟ್ ಕಡಿಮೆ ಎಳೆದರೆ ನಿಜವಾಗಿ ಉಳಿಯುವುದು 0.85.

ನನ್ನ ತಪ್ಪು ಇದೇ, ಇದೊಂದೇ. ಛಾವಣಿಯ ಮೇಲೆ ಹುಟ್ಟುವ ಎಲ್ಲ ಯೂನಿಟ್‌ಗೂ ಒಂದೇ ಬೆಲೆ ಕಟ್ಟಿದೆ. ಅದೂ ಬಿಲ್ಲನ್ನು ಭಾಗಿಸಿ ತೆಗೆದ ದರ! ಯೂನಿಟ್‌ನ ಬೆಲೆ ಅದು ಎಲ್ಲಿ ಹುಟ್ಟಿತು ಅನ್ನುವುದರ ಮೇಲಿಲ್ಲ, ಯಾವ ಹೊತ್ತಿನಲ್ಲಿ ಎಲ್ಲಿಗೆ ಹೋಯಿತು ಅನ್ನುವುದರ ಮೇಲಿದೆ. ಬಿಸಿಲಿರುವಾಗಲೇ ಮನೆಯಲ್ಲಿ ಉರಿದರೆ 0.85. ಗ್ರಿಡ್‌ಗೆ ಹೋದರೆ 0.4. ನಮ್ಮ ಮನೆಯಲ್ಲಿ ಬೆಳಿಗ್ಗೆ 9ಕ್ಕೆ ಎಲ್ಲರೂ ಹೊರಗೆ, ಸಂಜೆ 6ಕ್ಕೆ ಒಳಗೆ. ಗೀಸರ್, ಎಸಿ, ವಾಷಿಂಗ್ ಮಷೀನ್ ಎಲ್ಲ ಓಡುತ್ತಿದ್ದುದು ಇನ್ವರ್ಟರ್ ಮಲಗಿರುವ ಹೊತ್ತಿನಲ್ಲಿ.

ಎಷ್ಟು ಯೂನಿಟ್ ಒಳಗೆ, ಎಷ್ಟು ಹೊರಗೆ? ಬಿಲ್ಲಿನಲ್ಲಿರುವ ತಿಂಗಳ ಒಟ್ಟು ನೋಡಿದರೆ ಇದು ಗೊತ್ತಾಗುವುದಿಲ್ಲ. ಪ್ಯಾನೆಲ್ ಹಾಕಿಸುವ ಮೊದಲೇ ಒಂದು ವಾರ ಬೆಳಿಗ್ಗೆ 9ಕ್ಕೆ ಒಂದು ಸಲ, ಸಂಜೆ 4ಕ್ಕೆ ಒಂದು ಸಲ ಮೀಟರ್ ರೀಡಿಂಗ್ ಬರೆದುಕೊಂಡಿದ್ದರೆ ಸಾಕಿತ್ತು. ನಾನು ಆಮೇಲೆ ಹಳೇ ಅಭ್ಯಾಸಗಳನ್ನು ಲೆಕ್ಕ ಹಾಕಿ ನೋಡಿದರೆ, ಆ ಹೊತ್ತಿನಲ್ಲಿ ನಮಗೆ ಬೇಕಾಗುತ್ತಿದ್ದುದು ದಿನಕ್ಕೆ ಸರಾಸರಿ 6 ಯೂನಿಟ್. ವರ್ಷಕ್ಕೆ ಸುಮಾರು 2200. ಮಿಕ್ಕ 5100 ಹೊರಗೆ.

ಈಗ ಮತ್ತೆ ಲೆಕ್ಕ ಹಾಕಿ. 2200 ಗುಣಿಸು 0.85 ಅಂದರೆ 1870. 5100 ಗುಣಿಸು 0.4 ಅಂದರೆ 2040. ಒಟ್ಟು 3910. ನಾನು ಅಂದುಕೊಂಡಿದ್ದು 7300! 36,500ನ್ನು 3910ರಿಂದ ಭಾಗಿಸಿದರೆ 9 ವರ್ಷ ದಾಟುತ್ತದೆ.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ಜಾಸ್ತಿ ಪ್ಯಾನೆಲ್ ಹಾಕಿದರೆ ಬೇಗ ಬರುತ್ತದಾ ಅಂತ ಕೇಳಿದ್ದೀರಿ. ಪ್ರಶ್ನೆಯೇ ತಲೆಕೆಳಗಾಗಿದೆ ಅಂತ ನನ್ನ ಅಭಿಪ್ರಾಯ. 5 ಕಿಲೋವ್ಯಾಟ್ ಅನ್ನುವುದನ್ನೇ ಮೊದಲು ಬಿಡಿ. ಮನೆಯೊಳಗೆ ಉರಿಯುವ ಯೂನಿಟ್‌ಗಳು ಮೊದಲ ಪ್ಯಾನೆಲ್‌ಗಳಲ್ಲೇ ತುಂಬಿಹೋಗುತ್ತವೆ. ಆಮೇಲೆ ಹಾಕಿದ್ದೆಲ್ಲ ಹೆಚ್ಚುಕಡಿಮೆ ಗ್ರಿಡ್‌ಗೆ ಅಗ್ಗದಲ್ಲಿ ಮಾರಲಿಕ್ಕೆ ಅಷ್ಟೇ. ಅದರ ಮೇಲೆ ಎಷ್ಟೋ ಸಬ್ಸಿಡಿ ಯೋಜನೆಗಳಲ್ಲಿ ಮಿತಿ ಇರುತ್ತದೆ. ನನಗೆ ಸಿಕ್ಕಿದ್ದು ಮೊದಲ 3 ಕಿಲೋವ್ಯಾಟ್‌ಗೆ ಮಾತ್ರ. ಮೇಲಿನ 2 ಕಿಲೋವ್ಯಾಟ್‌ಗೆ ಸೊನ್ನೆ. ನಾನು 45,000ದಲ್ಲಿ 8,500 ಕಳೆದು ಇಡೀ ವ್ಯವಸ್ಥೆಗೆ ಹಂಚಿಬಿಟ್ಟಿದ್ದೆ, ಹಾಗಾಗಿ ಅದು ಕಾಣಿಸಲೇ ಇಲ್ಲ.

3 ಕಿಲೋವ್ಯಾಟ್‌ಗೂ ನನ್ನ ಹತ್ತಿರ ಕೊಟೇಶನ್ ಇತ್ತು. ಒಟ್ಟು 29,000. ಸಬ್ಸಿಡಿ ಅಷ್ಟೇ, 8,500. ಕೈಯಿಂದ 20,500. ವರ್ಷಕ್ಕೆ 4380 ಯೂನಿಟ್ ಹುಟ್ಟುತ್ತಿತ್ತು. ಪ್ಯಾನೆಲ್ ಚಿಕ್ಕದಾದ್ದರಿಂದ ಮೋಡದ ದಿನ ಸ್ವಲ್ಪ ಸಾಲದೆ ಬರುತ್ತಿತ್ತು. ಮನೆಯೊಳಗೆ 2000, ಹೊರಗೆ 2380 ಅಂತ ಇಟ್ಟುಕೊಳ್ಳಿ. ಉಳಿತಾಯ 2652. ದುಡ್ಡು ವಾಪಸ್ 7.7 ವರ್ಷಕ್ಕೆ. ನನ್ನ ದೊಡ್ಡಸ್ತಿಕೆಗೆ ಒಂದೂವರೆ ವರ್ಷ ದಂಡ.

ಮೊದಲ ಬಿಲ್ ನೋಡಿದ ಮೇಲೆ ನಾವು ಮಾಡಿದ್ದು ಒಂದೇ ಕೆಲಸ. ಹೊತ್ತು ಬದಲಿಸಿದೆವು. ಗೀಸರ್‌ಗೆ ಟೈಮರ್ ಹಾಕಿಸಿ ಮಧ್ಯಾಹ್ನ 1 ಗಂಟೆಗೆ ನೀರು ಕಾಯುವಂತೆ ಮಾಡಿದೆ, ಟ್ಯಾಂಕ್ ಚೆನ್ನಾಗಿದ್ದರೆ ಸಂಜೆವರೆಗೂ ಬಿಸಿ ಇರುತ್ತದೆ. ಪಂಪ್‌ಗೂ ಟೈಮರ್. ವಾಷಿಂಗ್ ಮಷೀನ್ ಮನೆ ಬಿಡುವ ಮೊದಲು ಬಟ್ಟೆ ತುಂಬಿ ತಡವಾಗಿ ಶುರುವಾಗುವಂತೆ ಇಡುವುದು. ಗೀಸರ್ ಮತ್ತು ಪಂಪ್ ಒಟ್ಟಿಗೆ ಓಡಿದರೆ ಪ್ಯಾನೆಲ್ ಕೊಡುವುದನ್ನು ಮೀರಿ ಗ್ರಿಡ್‌ನಿಂದ ಎಳೆಯುತ್ತವೆ, ಹಾಗಾಗಿ ಒಂದಾದ ಮೇಲೆ ಒಂದು. ಇದರಿಂದ ವರ್ಷಕ್ಕೆ 1400 ಯೂನಿಟ್ ಹೊರಗೆ ಹೋಗುವುದು ತಪ್ಪಿ ಒಳಗೆ ಬಂತು. ಒಂದೊಂದರ ಮೇಲೂ 0.45 ಲಾಭ. ಉಳಿತಾಯ 3910ರಿಂದ 4540ಕ್ಕೆ ಏರಿತು, ಒಟ್ಟು ಅವಧಿ 8 ವರ್ಷಕ್ಕೆ ಇಳಿಯಿತು. ಟೈಮರ್‌ಗೆ ಕೊಟ್ಟ ದುಡ್ಡು ಕೆಲವೇ ತಿಂಗಳಲ್ಲಿ ಬಂತು, ಇಡೀ ಕಥೆಯಲ್ಲಿ ನಾನು ಮಾಡಿದ ಒಳ್ಳೆಯ ವ್ಯಾಪಾರ ಅದೊಂದೇ.

ಇದೇ ಅಭ್ಯಾಸಗಳನ್ನು 3 ಕಿಲೋವ್ಯಾಟ್ ಜೊತೆ ಇಟ್ಟು ನೋಡಿದರೆ ಒಳಗೆ 3000, ಹೊರಗೆ 1380. ಉಳಿತಾಯ 3102, ಅವಧಿ 6.6 ವರ್ಷ. ಎರಡರ ವ್ಯತ್ಯಾಸ ನೋಡಿ. ಮೇಲಿನ 2 ಕಿಲೋವ್ಯಾಟ್‌ಗೆ ನಾನು ಕೊಟ್ಟಿದ್ದು 16,000. ಅವು ವರ್ಷಕ್ಕೆ ತರುವುದು 1438. ಆ ಎರಡಕ್ಕೇ ಪ್ರತ್ಯೇಕವಾಗಿ 11 ವರ್ಷ ಬೇಕು. ಹೀಗೆ ಪ್ರತಿ ಹೆಚ್ಚಿನ ಕಿಲೋವ್ಯಾಟ್ ಎಷ್ಟು ತರುತ್ತದೆ ಅಂತ ಬಿಡಿಬಿಡಿಯಾಗಿ ಕೇಳಿಕೊಳ್ಳದೆ ಇಡೀ ವ್ಯವಸ್ಥೆಗೆ ಒಂದೇ ಸಂಖ್ಯೆ ಹಿಡಿದುಕೊಂಡು ಕೂತರೆ ಮೋಸ ಹೋಗುತ್ತೀರಿ. ಮಾರುವವರು ಯಾವತ್ತೂ ಬಿಡಿಬಿಡಿಯಾಗಿ ತೋರಿಸುವುದಿಲ್ಲ.

ನಿಮ್ಮ ಕಡೆ ನಿಯಮ ಬೇರೆ ಇರಬಹುದು. ಕೊಟ್ಟ ಯೂನಿಟ್‌ಗೆ ತೆಗೆದುಕೊಂಡ ಯೂನಿಟ್ ಸಮ ಅಂತ ಕಳೆಯುವ ನೆಟ್ ಮೀಟರಿಂಗ್ ಇದ್ದರೆ ನನ್ನ ಗೋಳು ನಿಮಗೆ ಅಷ್ಟಾಗಿ ತಟ್ಟುವುದಿಲ್ಲ. ಆಗಲೂ ಒಂದು ಕೇಳಿ: ಮಿಕ್ಕ ಯೂನಿಟ್ ಎಷ್ಟು ದಿನ ಖಾತೆಯಲ್ಲಿರುತ್ತದೆ, ಅವಧಿ ಮುಗಿದ ಮೇಲೆ ಅದಕ್ಕೆ ಏನು ಬೆಲೆ? ಬಳಕೆ ಏರಿದಂತೆ ದರ ಏರುವ ಸ್ಲ್ಯಾಬ್ ಇದ್ದರೆ ಮೊದಲು ಕರಗುವುದು ದುಬಾರಿ ಸ್ಲ್ಯಾಬ್, ಹಾಗಾಗಿ ಮೊದಲ ಪ್ಯಾನೆಲ್‌ಗಳ ಬೆಲೆ ನನ್ನ 0.85ಕ್ಕಿಂತ ಜಾಸ್ತಿಯೇ ಆಗಬಹುದು. ಸರಾಸರಿ ದರ ಎರಡೂ ಕಡೆಗೆ ಸುಳ್ಳು ಹೇಳುತ್ತದೆ. ದರಪಟ್ಟಿ ಮುಂದಿಟ್ಟುಕೊಂಡು ಸೋಲಾರ್ ಇಲ್ಲದ ಬಿಲ್ ಒಂದು, ಇರುವ ಬಿಲ್ ಒಂದು ಕೈಯಲ್ಲೇ ಬರೆದು ಕಳೆಯಿರಿ. ಆ ವ್ಯತ್ಯಾಸವೇ ನಿಮ್ಮ ಉಳಿತಾಯ.

ಇನ್ನೆರಡು ಸಣ್ಣ ವಿಷಯ. ನನಗೆ ಸಬ್ಸಿಡಿ ಕೈಗೆ ಬಂದಿದ್ದು ಕೆಲಸ ಮುಗಿದು ತಪಾಸಣೆ ಆದ ಮೇಲೆ. ಅಲ್ಲಿಯವರೆಗೆ ಪೂರ್ತಿ 45,000 ನಮ್ಮದೇ, ಸಾಲ ತಂದಿದ್ದರೆ ಅಷ್ಟಕ್ಕೂ ಬಡ್ಡಿ ನಮ್ಮದೇ. ಇನ್ನೊಂದು, ಪ್ಯಾನೆಲ್ ಇಪ್ಪತ್ತೈದು ವರ್ಷ ಬಾಳಿದರೂ ಇನ್ವರ್ಟರ್ ಅಷ್ಟು ಬಾಳುವುದಿಲ್ಲ. ಹತ್ತು ಹನ್ನೆರಡು ವರ್ಷಕ್ಕೆ ಬದಲಿಸಬೇಕಾಗಬಹುದು. ಅವಧಿ 9 ವರ್ಷ ಬಂದರೆ, ದುಡ್ಡು ವಾಪಸ್ ಬಂತು ಅಂತ ಉಸಿರು ಬಿಡುವಷ್ಟರಲ್ಲಿ ಆ ಖರ್ಚು ಬಾಗಿಲಲ್ಲಿ ನಿಂತಿರುತ್ತದೆ. ಕೊಟೇಶನ್‌ನಲ್ಲಿ ಕರೆಂಟ್ ದರ ವರ್ಷಾ ವರ್ಷಾ ಇಷ್ಟು ಏರುತ್ತದೆ ಅಂತ ಸೇರಿಸಿದ್ದರೆ ಆ ಸಾಲನ್ನು ಹೊಡೆದುಹಾಕಿ ಮತ್ತೆ ಲೆಕ್ಕ ಹಾಕಿ.

ಹಾಗಾಗಿ ಈಗಲೇ ಮುಂಗಡ ಕೊಡಬೇಡಿ. ನಾಳೆ ಬೆಳಿಗ್ಗೆ 9ಕ್ಕೆ ಮೀಟರ್ ಹತ್ತಿರ ಹೋಗಿ ರೀಡಿಂಗ್ ಬರೆದುಕೊಳ್ಳಿ, ಸಂಜೆ 4ಕ್ಕೆ ಮತ್ತೆ. ಭಾನುವಾರವನ್ನೂ ಸೇರಿಸಿ ಏಳು ದಿನ. ಆ ಏಳು ಸಾಲು ಮತ್ತು ನಿಮ್ಮ ಕಡೆಯ ಎಕ್ಸ್‌ಪೋರ್ಟ್ ದರ ಇಲ್ಲಿ ಹಾಕಿದರೆ 2, 3, 5 ಕಿಲೋವ್ಯಾಟ್ ಮೂರಕ್ಕೂ ನಾನೇ ಕೂತು ಲೆಕ್ಕ ಹಾಕಿ ಕೊಡುತ್ತೇನೆ.