ಮೀನಿನ ರೇಟು, ಬೇಡಿಕೆ ರೇಖೆ

"ಮೀನಿನ ರೇಟು ಏರಿತು, ಜನ ಕಡಿಮೆ ಕೊಂಡರು. ಬೇಡಿಕೆ ರೇಖೆ ಎಡಕ್ಕೆ ಸರಿಯಿತು ಅಂತ ಬರೆಯಬಹುದಾ?"

ಬೇಡ, ಯಾವ ಬೆಲೆಗೆ ಜನ ಎಷ್ಟು ಕೊಳ್ಳುತ್ತಾರೆ ಎಂದು ತೋರಿಸುವ ಆ ರೇಖೆ ಇದ್ದಲ್ಲೇ ಇದೆ.

ನಮ್ಮ ವಾಸ್ಕೋದ ಮೀನು ಮಾರ್ಕೆಟನ್ನೇ ನೋಡಿ. ಗೋವಾದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರ್‌ಗಳು ಕಡಲಿಗಿಳಿಯುವಂತಿಲ್ಲ. ಯಾವ ಬೆಲೆ ಕೊಟ್ಟರೂ ಮೊದಲಿನಷ್ಟು ಮೀನು ಬರುವುದಿಲ್ಲ. ಅಂದರೆ ಎಡಕ್ಕೆ ಸರಿದದ್ದು ಪೂರೈಕೆ ರೇಖೆ. ಬಂಗುಡೆ ಕಿಲೋಗೆ 200 ರೂಪಾಯಿಯಿಂದ 350ಕ್ಕೆ ಏರಿತು ಅಂದುಕೊಳ್ಳಿ. ಎರಡು ಕಿಲೋ ಒಯ್ಯುತ್ತಿದ್ದವರು ಒಂದಕ್ಕೆ ಇಳಿಯುತ್ತಾರೆ. ಅವರ ರುಚಿ, ಸಂಬಳ ಬದಲಾಗಿಲ್ಲ. ರೇಟು ಮತ್ತೆ 200 ಆದರೆ ಎರಡು ಕಿಲೋನೇ ಒಯ್ಯುತ್ತಾರೆ, ಅಲ್ವಾ? ಇದು ಬೇಡಿಕೆ ರೇಖೆಯ ಮೇಲೇ ನಡೆದ ಚಲನೆ.

ಶ್ರಾವಣದಲ್ಲಿ ಕತೆ ಬೇರೆ. ಅನೇಕ ಮನೆಗಳಲ್ಲಿ ಮೀನು ಬಿಡುತ್ತಾರೆ, 200ಕ್ಕೆ ಕೊಟ್ಟರೂ ಕೊಳ್ಳುವುದಿಲ್ಲ. ಈಗ ಸರಿದದ್ದು ಬೇಡಿಕೆ ರೇಖೆ.

ಎರಡರಲ್ಲೂ ಮಾರಾಟ ಇಳಿಯುವುದರಿಂದ ಪರೀಕ್ಷೆಯಲ್ಲಿ ಜಾಸ್ತಿ ಎಡವುವುದು ಇಲ್ಲೇ. ಬೆಲೆ ನೋಡಿ. ಮಾರಾಟ ಇಳಿದು ಬೆಲೆ ಏರಿದರೆ ಪೂರೈಕೆ ಸರಿದಿದೆ, ಎರಡೂ ಇಳಿದರೆ ಬೇಡಿಕೆ. ಶ್ರಾವಣ ಜುಲೈನಲ್ಲೇ ಶುರುವಾದ ವರ್ಷ ಎರಡೂ ರೇಖೆಗಳು ಎಡಕ್ಕೆ ಸರಿಯುತ್ತವೆ. ಆಗ ಮಾರಾಟ ಇಳಿಯುವುದು ಖಚಿತ, ಬೆಲೆ ಎತ್ತ ಹೋಗುತ್ತದೆ ಎಂಬುದು ಯಾವುದು ಎಷ್ಟು ಸರಿಯಿತು ಎನ್ನುವುದರ ಮೇಲಿದೆ.