ಮಲಯಾಳಂನಲ್ಲಿ ಹುಟ್ಟುಹಬ್ಬದ ಶುಭಾಶಯ: ಹಿರಿಯರಿಗೆ ಹೇಳುವ ಬಗೆ

ಪ್ರಶ್ನೆ: ನನ್ನ ಸಹೋದ್ಯೋಗಿ ತ್ರಿಶೂರಿನವರು. ಮುಂದಿನ ವಾರ ಅವರ ತಾಯಿಯ ಹುಟ್ಟುಹಬ್ಬ, ನಾನೂ ಮನೆಗೆ ಹೋಗುತ್ತಿದ್ದೇನೆ. ಮಲಯಾಳಂನಲ್ಲಿ ‘ಹ್ಯಾಪಿ ಬರ್ತ್‌ಡೇ’ ಹೇಳುವುದು ಹೇಗೆ? ಹಿರಿಯರಿಗೆ ಗೌರವದಿಂದ ಹೇಳಲು ಬೇರೆ ರೂಪ ಇದೆಯೇ?

ಆ ತಾಯಿಯ ಮುಂದೆ ನೀವು ‘ಅಮ್ಮಯ್‌ಕ್ಕ್ ಪಿರನ್ನಾಳ್ ಆಶಂಸಗಳ್’ ಎಂದರೆ ಸಾಕು, ಗೌರವವೂ ಅದರಲ್ಲೇ ಬಂದಿರುತ್ತದೆ. ಪಿರನ್ನಾಳ್ ಎಂದರೆ ಹುಟ್ಟುಹಬ್ಬ, ಆಶಂಸಗಳ್ ಎಂದರೆ ಶುಭಾಶಯಗಳು, ಅಮ್ಮಯ್‌ಕ್ಕ್ ಎಂದರೆ ಅಮ್ಮನಿಗೆ. ಇದಕ್ಕಿಂತ ತುಸು ಗ್ರಾಂಥಿಕವಾದದ್ದು ‘ಜನ್ಮದಿನಾಶಂಸಗಳ್’. ಕಾರ್ಡು, ಪತ್ರ, ಪತ್ರಿಕೆಯ ಜಾಹೀರಾತುಗಳಲ್ಲಿ ಹೆಚ್ಚಾಗಿ ಕಾಣುವುದು ಇದು. ಮನೆಯೊಳಗೆ ಬಾಯಿಗೆ ಸಹಜವಾಗಿ ಬರುವುದು ಪಿರನ್ನಾಳ್.

ನಾನು ಕಾಸರಗೋಡಿನವನು, ಎರಡೂ ಭಾಷೆಗಳ ನಡುವೆ ಬೆಳೆದವನು. ಕನ್ನಡಿಗರು ಈ ವಿಷಯದಲ್ಲಿ ಎಲ್ಲಿ ಎಡವುತ್ತಾರೆಂಬುದನ್ನು ಸಾಕಷ್ಟು ನೋಡಿರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕನ್ನಡದಲ್ಲಿ ನಾವು ಗೌರವವನ್ನು ಸರ್ವನಾಮದಲ್ಲಿಯೂ ಕ್ರಿಯಾಪದದಲ್ಲಿಯೂ ತೋರಿಸುತ್ತೇವೆ: ‘ನೀನು ಬಂದೆ’, ‘ನೀವು ಬಂದಿರಿ’. ಇಂದಿನ ಮಲಯಾಳಂ ಕ್ರಿಯಾಪದಕ್ಕೆ ಆ ವ್ಯತ್ಯಾಸವೇ ಇಲ್ಲ. ಮಗು ಬಂದರೂ ಅಜ್ಜ ಬಂದರೂ ‘ವನ್ನು’ ಒಂದೇ. ಹೀಗಾಗಿ ಗೌರವದ ಭಾರವೆಲ್ಲ ನೀವು ಎದುರಿನವರನ್ನು ಹೇಗೆ ಸಂಬೋಧಿಸುತ್ತೀರಿ ಎಂಬುದರ ಮೇಲೆ ಬೀಳುತ್ತದೆ.

ನಮ್ಮ ‘ನೀವು’ ಎಂಬುದಕ್ಕೆ ನಿಘಂಟಿನಲ್ಲಿ ‘ನಿಙ್ಙಳ್’ ಎಂಬ ಪದ ಸಿಗುತ್ತದೆ. ಅದನ್ನು ನಂಬಿ ‘ನಿಙ್ಙಳ್‌ಕ್ಕ್ ಪಿರನ್ನಾಳ್ ಆಶಂಸಗಳ್’ ಎಂದು ತ್ರಿಶೂರಿನ ತಾಯಿಯ ಮುಂದೆ ಹೇಳಿದರೆ ವ್ಯಾಕರಣ ತಪ್ಪುವುದಿಲ್ಲ, ಆದರೆ ಮಾತು ಪರಕೀಯವಾಗಿ, ಕೆಲವರ ಕಿವಿಗೆ ಒರಟಾಗಿಯೂ ಕೇಳಿಸುತ್ತದೆ. ಉತ್ತರದ ಮಲಬಾರಿನ ಕಡೆ ಈ ಪದವನ್ನು ಹಿರಿಯರಿಗೂ ಧಾರಾಳವಾಗಿ ಬಳಸುತ್ತಾರೆ, ಅಲ್ಲಿ ಅದು ಗೌರವವೇ. ದಕ್ಷಿಣಕ್ಕೆ ಇಳಿದಂತೆ ಅದನ್ನು ಹಿರಿಯರ ಮುಖಕ್ಕೆ ಹೇಳಲು ಜನ ಹಿಂಜರಿಯುತ್ತಾರೆ. ‘ತಾಂಗಳ್’ ಎಂಬ ಇನ್ನೊಂದು ಪದವಿದೆ, ಅದು ಅಪರಿಚಿತರಿಗೆ ಬರೆಯುವ ಪತ್ರಕ್ಕೆ ಹೊಂದುತ್ತದೆಯೇ ಹೊರತು ಊಟಕ್ಕೆ ಕರೆದ ಮನೆಗಲ್ಲ. ‘ಅಙ್ಙ್’ ಎಂಬುದು ಸ್ವಾಮೀಜಿಗಳು, ವೇದಿಕೆಯ ಮೇಲಿನ ಗಣ್ಯರಂಥವರಿಗೆ ಸಲ್ಲುವ ಮಾತು. ಮನೆಯಲ್ಲಿ ಅದನ್ನು ಬಳಸಿದರೆ ನಾಟಕದ ಸಂಭಾಷಣೆಯಂತಾಗುತ್ತದೆ.

ಮಲಯಾಳಿಗಳು ಈ ತೊಡಕನ್ನು ಸರಳವಾಗಿ ದಾಟುತ್ತಾರೆ: ಸರ್ವನಾಮವನ್ನು ಬಿಟ್ಟು, ಸಂಬಂಧದ ಅಥವಾ ಹುದ್ದೆಯ ಪದವನ್ನೇ ಆ ಜಾಗದಲ್ಲಿ ಇಡುತ್ತಾರೆ. ತಂದೆಯಾದರೆ ‘ಅಚ್ಛನ್ನ್’, ಅಣ್ಣನಂಥವರಾದರೆ ‘ಚೇಟ್ಟನ್ನ್’, ಅಕ್ಕನಂಥವರಾದರೆ ‘ಚೇಚ್ಚಿಕ್ಕ್’, ಮೇಲಧಿಕಾರಿಯಾದರೆ ‘ಸಾರಿನ್ನ್’, ಅಧ್ಯಾಪಕಿಯಾದರೆ ‘ಟೀಚರ್‌ಕ್ಕ್’. ಮುಸ್ಲಿಂ ಮನೆಗಳಲ್ಲಿ ತಾಯಿಗೆ ‘ಉಮ್ಮ’, ತಂದೆಗೆ ‘ಉಪ್ಪ’, ಅಣ್ಣನಿಗೆ ‘ಇಕ್ಕ’ ಎಂಬಂಥ ಪದಗಳು ಬರುತ್ತವೆ. ಆದ್ದರಿಂದ ನಿಮ್ಮ ಸಹೋದ್ಯೋಗಿ ತನ್ನ ತಾಯಿಯನ್ನು ಏನೆಂದು ಕರೆಯುತ್ತಾರೆಂದು ಮೊದಲೇ ಕೇಳಿಟ್ಟುಕೊಳ್ಳಿ. ‘ಅಮ್ಮಚ್ಚಿ’ ಎಂದು ಕರೆಯುವ ಮನೆಯಾದರೆ ನೀವೂ ‘ಅಮ್ಮಚ್ಚಿಕ್ಕ್’ ಎನ್ನಬೇಕಾಗುತ್ತದೆ.

ಉಚ್ಚಾರಣೆಯಲ್ಲಿ ಎರಡು ಕಡೆ ಎಚ್ಚರವಿರಲಿ. ‘ಆಶಂಸಗಳ್’ ಎಂಬುದು ಬರೆಯುವಾಗ ‘ಕ’ಕಾರದಲ್ಲಿದ್ದರೂ ನುಡಿಯುವಾಗ ‘ಗ’ಕಾರದತ್ತ ಮೆತ್ತಗಾಗುತ್ತದೆ, ಕೊನೆಯ ‘ಳ್’ ಅಲ್ಲಿಗೇ ನಿಲ್ಲುತ್ತದೆ. ನಮ್ಮ ಅಭ್ಯಾಸದಂತೆ ‘ಆಶಂಸಗಳು’ ಎಂದು ಎಳೆದರೆ ಕನ್ನಡಿಗರೆಂದು ಕೂಡಲೇ ತಿಳಿಯುತ್ತದೆ (ತಿಳಿದರೂ ಯಾರೂ ಬೇಸರಿಸುವುದಿಲ್ಲ). ‘ಅಮ್ಮಯ್‌ಕ್ಕ್’ ಎಂಬುದರ ಕೊನೆಯಲ್ಲಿ ಮಾತ್ರ ಪೂರ್ತಿ ಉಕಾರವಲ್ಲದ ಒಂದು ಅರ್ಧ ಸ್ವರವಿದೆ. ತುಳು ಬಲ್ಲವರಿಗೆ ಅದು ಸಲೀಸು.

ಹಿರಿಯರಿಗೆ ಬರಿಯ ಶುಭಾಶಯದ ಜೊತೆಗೆ ಒಂದು ಹಾರೈಕೆ ಸೇರಿಸುವುದು ಒಳ್ಳೆಯದು. ‘ಎಲ್ಲಾ ಆಯುರಾರೋಗ್ಯಸೌಖ್ಯಙ್ಙಳುಂ ನೇರುನ್ನು’, ಅಂದರೆ ಆಯಸ್ಸು, ಆರೋಗ್ಯ, ಸುಖಗಳನ್ನೆಲ್ಲ ಹಾರೈಸುತ್ತೇನೆ ಎಂಬ ಮಾತು ಎಲ್ಲ ಸಮುದಾಯದವರಿಗೂ ಸಲ್ಲುತ್ತದೆ. ಸಂದೇಶ ಕಳುಹಿಸುವುದಾದರೆ ‘ಅಮ್ಮಯ್‌ಕ್ಕ್ ಹೃದಯಂ ನಿರಞ್ಞ ಜನ್ಮದಿನಾಶಂಸಗಳ್’ ಎಂದು ಬರೆದು, ಅದರ ಕೆಳಗೆ ಈ ಹಾರೈಕೆಯನ್ನು ಇಡಬಹುದು. ‘ಹೃದಯಂ ನಿರಞ್ಞ’ ಎಂದರೆ ನಮ್ಮ ಹೃತ್ಪೂರ್ವಕ.

ಹೋಗುವ ದಿನವನ್ನೂ ಒಮ್ಮೆ ಖಚಿತಪಡಿಸಿಕೊಳ್ಳಿ. ಕೇರಳದ ಹಿಂದೂ ಮನೆಗಳಲ್ಲಿ ಹಿರಿಯರ ಪಿರನ್ನಾಳನ್ನು ಹಲವರು ಇಂದಿಗೂ ಮಲಯಾಳಂ ತಿಂಗಳು ಮತ್ತು ಜನ್ಮನಕ್ಷತ್ರ ನೋಡಿಯೇ ಆಚರಿಸುತ್ತಾರೆ. ಚಿಙ್ಙಂ ತಿಂಗಳ ರೇವತಿಯಲ್ಲಿ ಹುಟ್ಟಿದವರಿಗೆ ಆ ತಿಂಗಳಲ್ಲಿ ರೇವತಿ ಬರುವ ದಿನವೇ ಹುಟ್ಟುಹಬ್ಬ, ಇಂಗ್ಲಿಷ್ ತಾರೀಖು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಆಧಾರ್ ಕಾರ್ಡಿನ ದಿನಾಂಕ ನೋಡಿ ಹೋದರೆ ದೇವಸ್ಥಾನದ ಪೂಜೆಯೂ ‘ಸದ್ಯ’ ಎಂಬ ಹಬ್ಬದೂಟವೂ ಮುಗಿದು ಹೋಗಿರಬಹುದು. 60 ತುಂಬಿದ್ದರೆ ‘ಷಷ್ಟಿಪೂರ್ತಿ ಆಶಂಸಗಳ್’ ಎಂದೂ, 84 ಆಗಿದ್ದರೆ ‘ಶತಾಭಿಷೇಕ ಆಶಂಸಗಳ್’ ಎಂದೂ ಹೇಳುವುದು ಪಿರನ್ನಾಳ್ ಎನ್ನುವುದಕ್ಕಿಂತ ಸೂಕ್ತವಾಗುತ್ತದೆ.