ಬೆಳಕು ಕಣ್ಣಿನ ಗೋಡೆಯನ್ನು ದಾಟುವುದು ಎಲ್ಲಿ?

ಪ್ರಶ್ನೆ: ನಾನು ಬಿ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿನಿ. ಕಣ್ಣಿನಲ್ಲಿ ಬೆಳಕು ಸಾಗುವ ದಾರಿಯನ್ನು ಬರೆಯಿರಿ ಎಂಬ ಪ್ರಶ್ನೆಗೆ ಸ್ಕ್ಲೀರಾ, ಕೋರಾಯ್ಡ್, ರೆಟಿನಾ ಎಂದು ಬರೆದೆ. ಸೊನ್ನೆ ಬಂತು. ಹೊರಗಿನಿಂದ ಒಳಕ್ಕೆ ಇರುವ ಪದರಗಳು ಇವೇ ಅಲ್ಲವೇ?

ಉತ್ತರ: ಪದರಗಳ ಕ್ರಮ ಸರಿಯಾಗಿಯೇ ಇದೆ. ಆದರೆ ನೀವು ಬರೆದದ್ದು ಗೋಡೆಯ ವಿವರ, ಅವರು ಕೇಳಿದ್ದು ಬಾಗಿಲಿನ ದಾರಿ. ಸುಮಾರು 24 ಮಿ.ಮೀ. ವ್ಯಾಸದ ಕಣ್ಣುಗುಡ್ಡೆಯನ್ನು ಹಿಂಬದಿಯಲ್ಲಿ ಕೊಯ್ದರೆ ಈ ಮೂರೂ ಪದರಗಳು ಇದೇ ಕ್ರಮದಲ್ಲಿ ಸಿಗುತ್ತವೆ. ಮುಂಬದಿಯಲ್ಲಿ ಮಾತ್ರ ಅವು ವೇಷ ಬದಲಿಸುತ್ತವೆ.

ಹೊರಪದರವನ್ನು ನೋಡಿ. ಸ್ಕ್ಲೀರಾದಲ್ಲಿ ಕೊಲಾಜನ್ ಎಳೆಗಳು ದಪ್ಪ, ತೆಳು ಬೆರೆತು ಅಡ್ಡಾದಿಡ್ಡಿ ಹೆಣೆದುಕೊಂಡಿರುತ್ತವೆ. ಬೆಳಕು ಚದುರಿಹೋಗುತ್ತದೆ, ಅದಕ್ಕೇ ಅದು ಬಿಳಿ. ಮುಂದೆ ಬಂದಾಗ ಅದೇ ಪದರ ಕಾರ್ನಿಯಾ ಆಗುತ್ತದೆ. ಇಲ್ಲಿಯೂ ಕೊಲಾಜನ್ನೇ, ಆದರೆ ಒಂದೇ ದಪ್ಪದ ಎಳೆಗಳು ಮಗ್ಗಕ್ಕೆ ಹಾಸಿದ ನೂಲಿನಂತೆ ಸಾಲಾಗಿ ನಿಂತಿವೆ. ರಕ್ತನಾಳಗಳಿಲ್ಲ. ಒಳಮೈಯಲ್ಲಿರುವ ಒಂದು ಸಾಲು ಜೀವಕೋಶಗಳು ಒಳಗೆ ಇಳಿದ ನೀರನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತವೆ. ಅರ್ಧ ಮಿ.ಮೀ.ಗಿಂತ ತುಸು ಹೆಚ್ಚು ದಪ್ಪವಿರುವ ಈ ಕಿಟಕಿ ತಿಳಿಯಾಗಿ ಉಳಿಯುವುದು ಹೀಗೆ. ಬೆಳಕನ್ನು ಬಾಗಿಸುವ ಕೆಲಸದ ಸುಮಾರು ಮೂರನೇ ಎರಡು ಪಾಲು ಇಲ್ಲಿಯೇ ಮುಗಿಯುತ್ತದೆ. ಮಸೂರಕ್ಕೆ ಉಳಿಯುವುದು ಹತ್ತಿರ, ದೂರಕ್ಕೆ ತಕ್ಕಂತೆ ಹೊಂದಿಸುವ ಕೆಲಸ.

ನಡುವಿನ ಪದರವಾದ ಕೋರಾಯ್ಡ್ ಕಪ್ಪು ಬಣ್ಣದ್ದು, ರಕ್ತನಾಳಗಳಿಂದ ತುಂಬಿದ್ದು. ಮುಂದೆ ಸಾಗಿದಂತೆ ಅದು ಸಿಲಿಯರಿ ಬಾಡಿ ಆಗಿ, ಕೊನೆಗೆ ಬಣ್ಣದ ಐರಿಸ್ ಆಗುತ್ತದೆ. ಐರಿಸ್ ಪಾರದರ್ಶಕವಲ್ಲ, ಆದ್ದರಿಂದ ಅದರ ನಡುವೆ ತೂತು ಇದೆ. ಪಾಪೆ ಎಂದರೆ ಆ ತೂತೇ ಹೊರತು ಬೇರೆ ಅಂಗವಲ್ಲ. ಒಳಪದರವಾದ ರೆಟಿನಾ ಮುಂದಿನವರೆಗೂ ಬಾರದೆ ಬದಿಯಲ್ಲಿಯೇ ನಿಲ್ಲುತ್ತದೆ. ಬೆಳಕಿನ ಪಯಣ ಮುಗಿಯುವುದು ಅಲ್ಲಿ.

ಹಾಗಾಗಿ ಬರೆಯಬೇಕಾದ ದಾರಿ ಇದು: ಕಾರ್ನಿಯಾ, ಅಕ್ವಿಯಸ್ ದ್ರವ, ಪಾಪೆ, ಮಸೂರ, ವಿಟ್ರಿಯಸ್, ರೆಟಿನಾ. ಹೊರಪದರವನ್ನು ಬೆಳಕು ಗಾಜಿನಂಥ ಭಾಗದಲ್ಲಿ ಹಾಯುತ್ತದೆ, ನಡುಪದರವನ್ನು ತೂತಿನಲ್ಲಿ ನುಸುಳುತ್ತದೆ, ಒಳಪದರದ ಮೇಲೆ ಬೀಳುತ್ತದೆ.

ವಾರ್ಡಿನಲ್ಲಿ ಇದು ಯಾಕೆ ಬೇಕೆನ್ನುವುದಕ್ಕೆ ನಾನು ಕಂಡ ಒಂದು ರಾತ್ರಿಯ ಸಂಗತಿ ಹೇಳುತ್ತೇನೆ. ಅರವತ್ತು ದಾಟಿದ ಅಜ್ಜಿಯೊಬ್ಬರನ್ನು ತಲೆನೋವು, ವಾಂತಿ ಎಂದು ಕರೆತಂದಿದ್ದರು. ಗ್ಯಾಸ್ಟ್ರಿಕ್ ಇರಬೇಕೆಂದು ವಾಂತಿ ನಿಲ್ಲುವ ಇಂಜೆಕ್ಷನ್ ಕೊಟ್ಟಾಗಿತ್ತು. ಅಜ್ಜಿ ಮಾತ್ರ, "ದೀಪದ ಸುತ್ತ ಬಣ್ಣದ ಬಳೆ ಕಾಣುತ್ತಿದೆಯಮ್ಮಾ" ಎನ್ನುತ್ತಿದ್ದರು. ಟಾರ್ಚ್ ಹಿಡಿದು ನೋಡಿದರೆ ಬಲಗಣ್ಣು ಕೆಂಪಾಗಿತ್ತು. ಕಾರ್ನಿಯಾ ಆವಿ ಹಿಡಿದ ಕನ್ನಡಿಯಂತಿತ್ತು. ಪಾಪೆ ಅರ್ಧ ಅರಳಿ, ಬೆಳಕಿಗೆ ಕದಲದೆ ನಿಂತಿತ್ತು. ಕಣ್ಣಿನ ಒತ್ತಡ 50 ಮಿ.ಮೀ. ಪಾದರಸಕ್ಕಿಂತ ಹೆಚ್ಚಿತ್ತು, ಸಹಜವಾಗಿ ಅದು 10ರಿಂದ 21ರ ಒಳಗಿರುತ್ತದೆ.

ತೊಡಕು ನಡುಪದರದ್ದು. ಸಿಲಿಯರಿ ಬಾಡಿಯಲ್ಲಿ ಹುಟ್ಟುವ ಅಕ್ವಿಯಸ್ ದ್ರವ ಪಾಪೆಯ ಮೂಲಕ ಮುಂಗೋಣೆಗೆ ಬಂದು, ಐರಿಸ್ ಮತ್ತು ಕಾರ್ನಿಯಾ ಕೂಡುವ ಮೂಲೆಯಲ್ಲಿ ಬಸಿದುಹೋಗಬೇಕು. ವಯಸ್ಸಿನೊಂದಿಗೆ ಮಸೂರ ದಪ್ಪವಾಗಿ, ಐರಿಸ್ ಅದಕ್ಕೆ ಒತ್ತಿಕೊಂಡರೆ ದ್ರವ ಹಿಂದೆಯೇ ಉಳಿದು ಐರಿಸ್ಸನ್ನು ಮುಂದಕ್ಕೆ ಉಬ್ಬಿಸುತ್ತದೆ. ಬಸಿಯುವ ಮೂಲೆ ಮುಚ್ಚಿಹೋಗುತ್ತದೆ. ಕತ್ತಲಲ್ಲಿ ಪಾಪೆ ಅರಳಿದಾಗ ಇದು ಹೆಚ್ಚು, ಅಜ್ಜಿಗೆ ನೋವು ಸಂಜೆಯ ಮೇಲೆ ಶುರುವಾದದ್ದು ಆಶ್ಚರ್ಯವಲ್ಲ. ಏರಿದ ಒತ್ತಡ ನೀರನ್ನು ಕಾರ್ನಿಯಾದೊಳಕ್ಕೆ ನೂಕುತ್ತದೆ, ಎಳೆಗಳ ಸಾಲು ಕೆಡುತ್ತದೆ, ಕಿಟಕಿ ಮಂಜಾಗುತ್ತದೆ. ಬಣ್ಣದ ಬಳೆ ಕಾಣುವುದು ಆ ನೀರಿನಿಂದ. ಇದು ತುರ್ತು ಸ್ಥಿತಿ. ಗಂಟೆಗಳು ತಡವಾದರೂ ದೃಷ್ಟಿನರಕ್ಕೆ ಪೆಟ್ಟು ಬೀಳುತ್ತದೆ.

ಪಾಪೆ ಅರಳಿಸುವ ಹನಿಯೂ ಇಂಥ ಕಣ್ಣಿನಲ್ಲಿ ಇದನ್ನೇ ಮಾಡಬಲ್ಲದು. ಹನಿ ಹಾಕುವ ಮೊದಲು ಕಿವಿಯ ಕಡೆಯಿಂದ, ಐರಿಸ್ಸಿಗೆ ಸಮಾನಾಂತರವಾಗಿ ಟಾರ್ಚ್ ಹಾಯಿಸಿ. ಇಡೀ ಐರಿಸ್ ಬೆಳಗಿದರೆ ಮುಂಗೋಣೆ ಆಳವಾಗಿದೆ. ಮೂಗಿನ ಕಡೆಯ ಅರ್ಧದಲ್ಲಿ ನೆರಳು ಬಿದ್ದರೆ ಐರಿಸ್ ಉಬ್ಬಿದೆ, ಮೂಲೆ ಕಿರಿದಾಗಿದೆ ಎಂಬ ಅನುಮಾನ ಇಟ್ಟುಕೊಂಡು, ಹನಿಯ ಬಾಟಲಿಯನ್ನು ಕೆಳಗಿಟ್ಟು ವೈದ್ಯರನ್ನು ಕರೆಯಿರಿ.